ಆರು ನಿಮಿಷದ ಕರೆ, ಅರ್ಧ ಪುಟದ ವರದಿ

ಸಹಾಯವಾಣಿಗೆ ಬಂದ ಕರೆಯ ರೆಕಾರ್ಡಿಂಗ್ ಕೇಳಿ ಘಟನಾ ವರದಿ ಬರೆಯೋದು ನನ್ನ ಕೆಲಸ. ಕಲಬುರಗಿಯಲ್ಲಿ ಕೂತು ಮಾಡ್ತೀನಿ. ಯಾರಿಗಾದರೂ ಹೇಳಿದರೆ, "ಅದರಾಗೇನದ, ಕೇಳೋದು, ಸಣ್ಣದು ಮಾಡಿ ಬರೆಯೋದು, ಅಷ್ಟೇ ಅಲ್ಲೇನು?" ಅಂತಾರೆ. ಎಲ್ಲಿ ಆಯ್ತು, ಏನಾಯ್ತು, ಏನು ಮಾಡಿದ್ವಿ, ಮೂರೇ ಪ್ರಶ್ನೆ. ನಾನೂ ಮೊದಲ ತಿಂಗಳು ಹಾಗೇ ಅಂದುಕೊಂಡಿದ್ದೆ.

ಆದರೆ ಸಣ್ಣದು ಮಾಡೋದರಲ್ಲಿ ಕಷ್ಟ ಇಲ್ಲ. ಕರೆ ಮಾಡಿದವನು ಹೇಳಿದ್ದು, ನಮ್ಮವರು ಅರ್ಥ ಮಾಡಿಕೊಂಡಿದ್ದು, ನಿಜವಾಗಿ ಆಗಿದ್ದು, ಈ ಮೂರೂ ಒಂದೇ ಅಲ್ಲ. ಸಣ್ಣದು ಮಾಡುವಾಗ ಮೂರೂ ಒಂದರೊಳಗೊಂದು ಕರಗಿಬಿಡುತ್ತವೆ. ಕಷ್ಟ ಇರೋದು ಅಲ್ಲಿ. ನಾಳೆ ಆ ವರದಿ ಓದೋನು, ಅಂದರೆ ಪೊಲೀಸ್ ಇರಬಹುದು, ಆಸ್ಪತ್ರೆಯವರು ಇರಬಹುದು, ನಮ್ಮ ಮೇಲಿನವರೇ ಇರಬಹುದು, ರೆಕಾರ್ಡಿಂಗ್ ಕೇಳೋದಿಲ್ಲ. ನಾನು ಬರೆದದ್ದೇ ಅವನಿಗೆ ಸತ್ಯ.

ಇದನ್ನು ಬಾಯಿಮಾತಲ್ಲಿ ಹೇಳಿದರೆ ಹಿಡಿಯೋದಿಲ್ಲ. ಒಂದು ಕರೆ ತಗೊಂಡೇ ನೋಡೋಣ. ಇದು ನಾನೇ ಕಟ್ಟಿದ ಮಾದರಿ ಕರೆ, ಯಾರದೋ ಒಬ್ಬರದ್ದಲ್ಲ. ಆದರೆ ಇದರಲ್ಲಿರೋ ಎಡವಟ್ಟುಗಳು ನಾವು ದಿನಾ ಕೇಳುವಂಥವೇ. ಹೊಸದಾಗಿ ಸೇರಿದವರಿಗೆ ಕಲಿಸೋಕೆ ಇದನ್ನೇ ಬಳಸ್ತೀನಿ.

ರಾತ್ರಿ 20:14:05ಕ್ಕೆ ಕರೆ ಕೂಡಿದೆ. ಕಬ್ಬು ಕಡಿಯೋ ಕಾಲ. ಫೋನ್ ಎತ್ತಿದ್ದು ಒಬ್ಬ ಹೆಣ್ಣುಮಗಳು. ಎಡಗಡೆ ಇರೋದು ರೆಕಾರ್ಡಿಂಗ್ ಶುರುವಾದಾಗಿನಿಂದ ಎಣಿಸಿದ ನಿಮಿಷ, ಸೆಕೆಂಡು.

00:07 — ಮೇಡಂ, ಇಲ್ಲಿ ಆಕ್ಸಿಡೆಂಟ್ ಆಗ್ಯಾದ ರೀ, ಜಲ್ದಿ ಗಾಡಿ ಕಳಸ್ರಿ. ಇಬ್ರು ಬಿದ್ದಾರ. ಖೂನ್ ಭಾಳ ಹೋಗ್ಲಕತ್ತದ.

00:16 — ಯಾವ ಊರು ಹೇಳ್ರಿ ಅಣ್ಣಾ?

00:18 — ಔರಾದ್ ರೀ, ಔರಾದ್ ಹತ್ರ, ರೋಡ್ ಮ್ಯಾಗ.

00:24 — ಔರಾದ್ ಬಿ ಅಲ್ಲೇನು?

00:26 — ಹ್ಞೂಂ ಹ್ಞೂಂ, ಅದೇ. ಕಬ್ಬಿನ ಟ್ರ್ಯಾಕ್ಟರ್ ನಿಂತಿತ್ತು ಮೇಡಂ, ಹಿಂದ ಲೈಟ್ ಇಲ್ಲ ಏನಿಲ್ಲ. ಬೈಕಿನವ್ರು ಹಿಂದಿಂದ ಬಂದು ಹೊಡದಾರ. ಕುಡದಿರಬೇಕು ಅನಸ್ತದ.

00:50 — ಬಿದ್ದವ್ರು ಮಾತಾಡ್ತಾರೇನು?

00:53 — ಒಬ್ಬಾಂವ ಮಾತಾಡ್ತಾನ, ಕಾಲು ಕಾಲು ಅಂತಾನ. ಇನ್ನೊಬ್ಬಾಂವ ಮಾತಾಡವಲ್ಲ. ಗೊರಕಿ ಹೊಡಿಲಕತ್ತಾನ.

01:48 — ಗಾಡಿ ಹೊಂಟದ ಅಣ್ಣಾ, ಹತ್ತು ನಿಮಿಷದಾಗ ಬರ್ತದ. ಫೋನ್ ಇಡಬ್ಯಾಡ್ರಿ.

02:10 — ಯಾವ ಕಡಿಂದ ಬರ್ತದ ಮೇಡಂ? ಕಮಲಾಪುರದಿಂದ ಏನು? ನಾವು ಈಗ ಅದು ದಾಟೇ ಬಂದೀವಿ.

02:15 — ಕಮಲಾಪುರ? ನೀವು ಬೀದರ್ ಜಿಲ್ಲಾ ಔರಾದ್ ಅಲ್ಲೇನು?

02:19 — ಅಲ್ರೀ, ಇದು ಕಲಬುರಗಿ. ಹುಮನಾಬಾದ್ ರೋಡ್. ಮಹಾಗಾಂವ ಕ್ರಾಸ್ ಹಿಂದ ಆಯ್ತು, ಔರಾದ್ ಇನ್ನ ಮುಂದ ಅದ.

02:40 ಹೊತ್ತಿಗೆ ಹಿಂದಿನಿಂದ ಬೇರೊಂದು ದನಿ, "ಏ, ಇಲ್ಲೊಂದು ಸಣ್ಣ ಹುಡುಗಿ ಬಿದ್ದದ ನೋಡ್ರಿ ತೆಗ್ಗಿನ್ಯಾಗ." 02:52ಕ್ಕೆ ಇನ್ನೊಂದು ದನಿ, "ಅಂವ ಹೋದ ಬಿಡ್ರಿ." 03:05ಕ್ಕೆ ನಮ್ಮವಳು ಮಾತಾಡದೆ ಬಿದ್ದವನ ಎದೆ ಒತ್ತೋದು ಹೇಗೆ ಅಂತ ಹೇಳ್ತಾಳೆ. ಫೋನ್ ಮಾಡಿದವನು, "ನನಗ ಹೆದರಿಕಿ ಆಗ್ತದ ಮೇಡಂ" ಅಂತಾನೆ. 03:40ರಿಂದ 04:20ರವರೆಗೆ ಯಾರೋ ಜೋರಾಗಿ ಎಣಿಸೋದು ಕೇಳುತ್ತೆ. ಆಮೇಲೆ ಗಲಾಟೆ. 05:52ಕ್ಕೆ ಕರೆ ಕಟ್.

ಈಗ ಹೊಸಬರು ಇದನ್ನು ಕೇಳಿ ಮೊದಲು ಬರೆಯೋ ವರದಿ ಹೆಚ್ಚು ಕಮ್ಮಿ ಹೀಗಿರುತ್ತೆ. "ಔರಾದ್ (ಬಿ) ಹತ್ತಿರ ಕುಡಿದು ಬೈಕ್ ಓಡಿಸುತ್ತಿದ್ದ ಇಬ್ಬರು ನಿಂತಿದ್ದ ಟ್ರ್ಯಾಕ್ಟರಿಗೆ ಡಿಕ್ಕಿ ಹೊಡೆದಿದ್ದಾರೆ. ಒಬ್ಬ ಮೃತಪಟ್ಟಿದ್ದಾನೆ, ಒಬ್ಬನಿಗೆ ಕಾಲಿಗೆ ಪೆಟ್ಟು. ಸಿಪಿಆರ್ ನೀಡಲಾಯಿತು. ಆಂಬುಲೆನ್ಸ್ ಹತ್ತು ನಿಮಿಷದಲ್ಲಿ ಕಳುಹಿಸಲಾಯಿತು."

ಓದೋಕೆ ಚೆನ್ನಾಗಿದೆ, ಅಲ್ವಾ? ಚಿಕ್ಕದಾಗಿದೆ, ಮೂರು ಪ್ರಶ್ನೆಗೂ ಉತ್ತರ ಇದೆ. ಆದರೆ ಇದರಲ್ಲಿ ಗಟ್ಟಿಯಾಗಿ ನಿಲ್ಲೋದು ಟ್ರ್ಯಾಕ್ಟರ್ ಮತ್ತು ಕಾಲು, ಎರಡೇ. ಉಳಿದದ್ದೆಲ್ಲ ಒಂದೋ ತಪ್ಪು, ಇಲ್ಲಾ ಅರ್ಧ ನಿಜ. ಹುಡುಗಿಯಂತೂ ಕಾಣೆಯೇ ಆಗಿಬಿಟ್ಟಿದ್ದಾಳೆ.

ಜಾಗದಿಂದ ಶುರು ಮಾಡೋಣ. ಜಾಸ್ತಿ ಹೊತ್ತು ತಿನ್ನೋದು ಅದೇ.

ನಮ್ಮ ಭಾಗದ ಊರ ಹೆಸರುಗಳದ್ದೇ ಒಂದು ಕಥೆ. ನಿಜಾಮರ ಕಾಲದ ದಾಖಲೆಯಿಂದ ಬಂದ ಬಿ ಮತ್ತು ಕೆ ಇನ್ನೂ ಊರ ಬಾಲಕ್ಕೆ ಅಂಟಿಕೊಂಡಿವೆ. ಸಾಮಾನ್ಯವಾಗಿ ಬಿ ಅಂದರೆ ಬುಜುರ್ಗ್, ದೊಡ್ಡದು. ಕೆ ಅಂದರೆ ಖುರ್ದ್, ಸಣ್ಣದು. ಊರವರು ಅದನ್ನು ಬಾಯಲ್ಲಿ ಹೇಳೋದು ಕಮ್ಮಿ. ಅದರ ಮೇಲೆ ಬೀದರ್ ಜಿಲ್ಲೆಯಲ್ಲಿ ಔರಾದ್ ಅಂತ ಒಂದು ತಾಲೂಕು ಕೇಂದ್ರವೇ ಇದೆ, ಅದನ್ನೂ ಔರಾದ್ (ಬಿ) ಅಂತಲೇ ಬರೀತಾರೆ. ಇತ್ತ ಕಲಬುರಗಿ ತಾಲೂಕಿನಲ್ಲಿ ಅವರಾದ (ಬಿ) ಇದೆ. ಬರೆದರೆ ಬೇರೆ ಬೇರೆ. ಗಾಬರಿಯಲ್ಲಿ, ಲಾರಿಗಳ ಸದ್ದಿನ ನಡುವೆ, ಫೋನಿನಲ್ಲಿ ಕೇಳಿದರೆ ಎರಡೂ ಒಂದೇ. ನಡುವಿನ ದೂರ ನೂರು ಕಿಲೋಮೀಟರಿಗೂ ಮೇಲೆ.

ಹಾಗಾಗಿ 00:24ರ ಪ್ರಶ್ನೆ ನೋಡಿ. "ಔರಾದ್ ಬಿ ಅಲ್ಲೇನು?" ಅಂತ ಕೇಳಿದ್ದಕ್ಕೆ ಅವನು ಹ್ಞೂಂ ಅಂದ. ಅವನು ಸುಳ್ಳು ಹೇಳಲಿಲ್ಲ, ಅವಳೂ ತಪ್ಪು ಕೇಳಲಿಲ್ಲ. ಆದರೆ ಅವಳ ತಲೆಯಲ್ಲಿದ್ದದ್ದು ಬೀದರಿನದು, ಅವನ ಕಣ್ಣೆದುರು ಇದ್ದದ್ದು ಕಲಬುರಗಿಯದು. ಹ್ಞೂಂ ಅಂತ ಉತ್ತರ ಬರುವಂಥ ಪ್ರಶ್ನೆಯಿಂದ ಜಾಗ ಖಚಿತ ಆಗೋದಿಲ್ಲ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನ್ನ ಹತ್ತಿರ ಇಲ್ಲ. "ಯಾವ ಜಿಲ್ಲೆ?" ಅಂದಿದ್ದರೆ ಅಲ್ಲಿಗೇ ಮುಗೀತಿತ್ತು. ಗಾಬರಿಯಾದ ಮನುಷ್ಯ ಎಲ್ಲದಕ್ಕೂ ಹ್ಞೂಂ ಅಂತಾನೆ, ಅವನಿಗೆ ಬೇಕಾಗಿರೋದು ಗಾಡಿ ಮಾತ್ರ.

ವರದಿ ಬರೆಯೋನು ಇಲ್ಲಿ ಏನು ಮಾಡಬೇಕು? ಕೊನೆಗೆ ಸರಿಯಾದ ಜಾಗವನ್ನಷ್ಟೇ ಬರೆದು ಮೊದಲಿನದ್ದನ್ನು ಕೈಬಿಡೋ ಆಸೆ ಆಗುತ್ತೆ. ಹಾಗೆ ಮಾಡಬಾರದು. ಮೇಲ್ಗಡೆ ಸರಿಯಾದ ಜಾಗ ಬರಲಿ, ಯಾಕಂದರೆ ಅವಸರದಲ್ಲಿ ಓದೋನು ಮೊದಲ ಸಾಲು ಮಾತ್ರ ನೋಡ್ತಾನೆ. ಅದರ ಕೆಳಗೆ, ಮೊದಲು ಏನು ದಾಖಲಾಗಿತ್ತು, ಯಾವಾಗ ಬದಲಾಯ್ತು, ಯಾವ ಮಾತಿನಿಂದ ಬದಲಾಯ್ತು, ಅದೂ ಇರಬೇಕು. ಇಲ್ಲದಿದ್ದರೆ ಔರಾದ್ ಕಡೆ ಹೊರಟು ವಾಪಸ್ ಬಂದ ಗಾಡಿ ಯಾಕೆ ಹೋಗಿತ್ತು ಅಂತ ಯಾರಿಗೂ ಗೊತ್ತಾಗೋದಿಲ್ಲ.

ಇನ್ನು "ಮುಂದ", "ಹಿಂದ". ಇವು ಜಾಗದ ಮಾತಲ್ಲ, ಮುಖದ ಮಾತು. ಯಾವ ಕಡೆ ಮುಖ ಮಾಡಿ ನಿಂತಿದ್ದಾನೆ ಅಂತ ಗೊತ್ತಿಲ್ಲದೆ "ಔರಾದ್ ಇನ್ನ ಮುಂದ ಅದ" ಅನ್ನೋದಕ್ಕೆ ಅರ್ಥವೇ ಇಲ್ಲ. ಈ ಕರೆಯಲ್ಲಿ ಅದೃಷ್ಟಕ್ಕೆ ದಾರಿ ಸಿಗುತ್ತೆ. ಅವನು ಕಮಲಾಪುರ ದಾಟಿ ಬಂದಿದ್ದಾನೆ, ಮಹಾಗಾಂವ ಕ್ರಾಸ್ ಹಿಂದೆ ಆಯ್ತು ಅಂದಿದ್ದಾನೆ. ಅಂದರೆ ಹುಮನಾಬಾದ್ ಕಡೆಯಿಂದ ಕಲಬುರಗಿ ಕಡೆಗೆ ಬರ್ತಿದ್ದ. ಹಾಗಾದರೆ ಅಪಘಾತ ಆದದ್ದು ಮಹಾಗಾಂವ ಕ್ರಾಸ್ ಮತ್ತು ಅವರಾದ ನಡುವೆ. ನಾನು ವರದಿಯಲ್ಲಿ "ಮುಂದೆ" ಅನ್ನೋ ಪದವನ್ನೇ ಬರೆಯೋದಿಲ್ಲ. "ಈ ಊರಿಗೂ ಆ ಊರಿಗೂ ನಡುವೆ, ಇಂಥ ಊರಿಗೆ ಹೋಗುವಾಗ ಎಡಗಡೆ" ಅಂತ ಬರೆದರೆ ಯಾವ ಕಡೆಯಿಂದ ಬಂದವನಿಗೂ ತಿಳಿಯುತ್ತೆ.

ಕರೆಯ ಜೊತೆ ಮೊಬೈಲ್ ಟವರಿನ ಅಂದಾಜು ಜಾಗವೂ ಪರದೆ ಮೇಲೆ ಒಂದು ವೃತ್ತವಾಗಿ ಬರುತ್ತೆ. ಪೇಟೆಯಲ್ಲಿ ಟವರುಗಳು ಒತ್ತೊತ್ತಾಗಿ ಇರೋದರಿಂದ ಅದು ಪರವಾಗಿಲ್ಲ. ಹಳ್ಳಿ ಕಡೆ ಒಂದು ಟವರ್ ಹಲವಾರು ಕಿಲೋಮೀಟರ್ ಹರಡಿಕೊಂಡಿರುತ್ತೆ. ಆ ವೃತ್ತದ ನಡುವಿನ ಚುಕ್ಕೆಯನ್ನು ಅಪಘಾತದ ಜಾಗ ಅಂತ ಬರೆದರೆ ಯಾರದೋ ತೊಗರಿ ಹೊಲದ ನಡುವೆ ಗಾಡಿ ನಿಲ್ಲುತ್ತೆ. ಆದರೆ ವೃತ್ತದಿಂದ ಒಂದು ಉಪಯೋಗ ಇದೆ. ಜಾಗ ತೋರಿಸೋಕೆ ಅದು ಸಾಲದು, ತಪ್ಪು ಜಾಗ ಹಿಡಿಯೋಕೆ ಸಾಕು. ನಮ್ಮ ಮಾದರಿ ಕರೆಯಲ್ಲಿ ವೃತ್ತ ಬಿದ್ದದ್ದು ಕಲಬುರಗಿ ಜಿಲ್ಲೆಯಲ್ಲಿ. ಪರದೆ ಕಡೆ ಒಮ್ಮೆ ಕಣ್ಣು ಹಾಯಿಸಿದ್ದರೆ ಬೀದರಿನ ಮಾತೇ ಬರ್ತಿರಲಿಲ್ಲ. ವರದಿಯಲ್ಲಿ ಇದನ್ನೂ ಬರೀಬೇಕು, "ಟವರ್ ಅಂದಾಜು" ಅಂತ ಹೆಸರಿಟ್ಟು, ಬಾಯಲ್ಲಿ ಹೇಳಿದ ಜಾಗದ ಜೊತೆ ಬೆರೆಸದೆ.

ಇನ್ನು ಏನಾಯ್ತು ಅನ್ನೋ ಭಾಗ. ಇಲ್ಲಿ ಎರಡು ಮಾತು ನನಗೆ ಮುಖ್ಯ. ಒಂದು ಗೊರಕೆ, ಇನ್ನೊಂದು "ಹೋದ".

"ಗೊರಕಿ ಹೊಡಿಲಕತ್ತಾನ" ಅಂದಾಗ ಹೊಸಬರಲ್ಲಿ ಅರ್ಧ ಜನ ಅದನ್ನು ಬಿಟ್ಟೇಬಿಡ್ತಾರೆ. ಉಳಿದವರು "ಉಸಿರಾಡುತ್ತಿದ್ದಾನೆ" ಅಂತ ಬರೀತಾರೆ. ಬರೆಯೋನಿಗೆ ಅದು ನೆಮ್ಮದಿಯ ಸುದ್ದಿ. ಆದರೆ ಎಚ್ಚರ ಇಲ್ಲದವನು ಗೊರಕೆ ಹೊಡೀತಾನೆ, ಬಿಟ್ಟು ಬಿಟ್ಟು ಎಳೀತಾನೆ ಅಂದರೆ ಅದು ನಿದ್ದೆಯ ಉಸಿರಲ್ಲ. ನಾಲಿಗೆ ಹಿಂದಕ್ಕೆ ಜಾರಿ ದಾರಿ ಕಟ್ಟಿರಬಹುದು. ಅಥವಾ ಹೃದಯ ನಿಂತ ಮೇಲೂ ಕೆಲವು ನಿಮಿಷ ಬರೋ ಏದುಸಿರು ಇರಬಹುದು, ಅದನ್ನು ಉಸಿರಾಟ ಅಂತ ಲೆಕ್ಕ ಹಿಡಿಯೋದಿಲ್ಲ. ಇವೆರಡರಲ್ಲಿ ಯಾವುದು ಅಂತ ನಾನು ರೆಕಾರ್ಡಿಂಗ್ ಕೇಳಿ ಹೇಳೋಕಾಗಲ್ಲ, ಹೇಳಲೂಬಾರದು. ನಾನು ಮಾಡಬಹುದಾದದ್ದು ಅವನ ಪದವನ್ನೇ ಉಳಿಸೋದು. "ಎರಡನೆಯವನು ಮಾತಾಡುತ್ತಿಲ್ಲ, 'ಗೊರಕಿ ಹೊಡಿಲಕತ್ತಾನ' ಎಂದರು." ಇದನ್ನು ಓದಿದ ಡಾಕ್ಟರಿಗೆ ಆ ಒಂದು ಪದ ಸಾಕು. "ಉಸಿರಾಡುತ್ತಿದ್ದಾನೆ" ಅಂತ ತಿದ್ದಿ ಬರೆದರೆ ಅವರಿಗೆ ಬೇಕಾದದ್ದನ್ನೇ ನಾನು ಅಳಿಸಿದ ಹಾಗೆ.

"ಹೋದ" ಇದರ ಉಲ್ಟಾ. ನಮ್ಮ ಕಡೆ "ಅಂವ ಹೋದ ಬಿಡ್ರಿ" ಅಂದರೆ ಸತ್ತ ಅಂತಲೇ ಜನ ತಿಳ್ಕೊಳ್ಳೋದು. ಆದರೆ ಅಪಘಾತದ ಜಾಗದಲ್ಲಿ ಟ್ರ್ಯಾಕ್ಟರ್ ಬಿಟ್ಟು ಓಡಿಹೋದ ಡ್ರೈವರ್ ಬಗ್ಗೆಯೂ ಹೀಗೇ ಅಂತಾರೆ. ಯಾರ ಬಗ್ಗೆ ಅಂದರೋ ಗೊತ್ತಿಲ್ಲ. ಅಂದವರು ಯಾರೋ ಅದೂ ಗೊತ್ತಿಲ್ಲ. ಸತ್ತದ್ದೇ ಅಂದುಕೊಂಡರೂ, ಸಾವು ಹೇಳಬೇಕಾದವರು ಡಾಕ್ಟರ್, ದಾರಿಹೋಕರಲ್ಲ. ಹಾಗಾಗಿ "ಮೃತಪಟ್ಟಿದ್ದಾನೆ" ಅನ್ನೋ ಪದ ಈ ವರದಿಯಲ್ಲಿ ಬರುವಂತಿಲ್ಲ. "ಹಿನ್ನೆಲೆಯಲ್ಲಿ ಗುರುತು ಸಿಗದ ದನಿ: 'ಅಂವ ಹೋದ ಬಿಡ್ರಿ'. ಯಾರ ಬಗ್ಗೆ ಎಂಬುದು ಸ್ಪಷ್ಟವಿಲ್ಲ." ಅಷ್ಟೇ.

ಕುಡಿದಿದ್ದ ವಿಚಾರವೂ ಹಾಗೇ. ಅವನು ಹೇಳಿದ್ದು "ಕುಡದಿರಬೇಕು ಅನಸ್ತದ". "ಅನಸ್ತದ" ಬಿದ್ದುಹೋದ ಕೂಡಲೇ ಊಹೆ ಆರೋಪ ಆಗುತ್ತೆ. ನನ್ನ ಕೇಳಿದರೆ ಇದನ್ನು ಸಾರಾಂಶದಲ್ಲಿ ಹಾಕೋದೇ ಬೇಡ. ಯಾರು ಗಾಯಗೊಂಡಿದ್ದಾರೆ, ಯಾವ ಗಾಡಿ ಬೇಕು ಅನ್ನೋದು ಇದರಿಂದ ಬದಲಾಗೋದಿಲ್ಲ, ರೆಕಾರ್ಡಿಂಗ್ ಇದ್ದೇ ಇದೆ, ಬೇಕಾದವರು ಕೇಳ್ತಾರೆ. ಹಾಕಲೇಬೇಕು ಅನ್ನೋ ಕಡೆಗಳಲ್ಲಿ "ಕರೆ ಮಾಡಿದವರ ಅನಿಸಿಕೆ" ಅಂತ ಹಾಕಿ. ಹಿಂದೆ ಲೈಟ್ ಇರಲಿಲ್ಲ ಅನ್ನೋದು ಬೇರೆ, ಅದು ಅವನು ಕಣ್ಣಾರೆ ಕಂಡದ್ದು. ಕತ್ತಲಲ್ಲಿ ಟ್ರ್ಯಾಕ್ಟರ್ ಇನ್ನೂ ರಸ್ತೆಯಲ್ಲೇ ನಿಂತಿದ್ದರೆ ಮತ್ತೊಂದು ಗಾಡಿ ಬಂದು ಗುದ್ದಬಹುದು, ಹಾಗಾಗಿ ಅದು ಬರಲೇಬೇಕು.

ಎಷ್ಟು ಜನ ಅನ್ನೋದನ್ನು ಯಾವತ್ತೂ ಕರೆಯ ಮೊದಲ ನಿಮಿಷದಿಂದ ತಗೋಬೇಡಿ. ಜನ ಮೊದಲು ಕಂಡಷ್ಟನ್ನು ಹೇಳ್ತಾರೆ. ಇಲ್ಲಿ ಎರಡು ಇದ್ದದ್ದು 02:40ಕ್ಕೆ ಮೂರಾಯ್ತು, ಅದೂ ಫೋನ್ ಹಿಡಿದವನ ಬಾಯಿಂದಲ್ಲ, ದೂರದ ದನಿಯಿಂದ. ಆ ಹೊತ್ತಿಗೆ ನಮ್ಮವಳು ಜಾಗ ಬದಲಿಸೋ ಗಡಿಬಿಡಿಯಲ್ಲಿದ್ದಳು. ಅವಳಿಗೆ ಕೇಳಿಸಿತೋ ಇಲ್ಲವೋ, ಅವಳ ಮುಂದಿನ ಮಾತುಗಳಲ್ಲಿ ಹುಡುಗಿಯ ಸುಳಿವೇ ಇಲ್ಲ. ಅದಕ್ಕೇ ನಾನು ಪ್ರತಿ ರೆಕಾರ್ಡಿಂಗ್ ಮೂರು ಸಲ ಕೇಳ್ತೀನಿ. ಮೊದಲ ಸಲ ಪೆನ್ನು ಮುಟ್ಟದೆ. ಎರಡನೇ ಸಲ ಸೆಕೆಂಡು ಗುರುತು ಹಾಕ್ತಾ. ಮೂರನೇ ಸಲ ಇಬ್ಬರ ಮಾತನ್ನೂ ಬಿಟ್ಟು ಬರೀ ಹಿಂದಿನ ಸದ್ದು ಮಾತ್ರ, ಒಳ್ಳೆ ಹೆಡ್‌ಫೋನ್ ಹಾಕಿ. ಆರು ನಿಮಿಷದ ಕರೆಗೆ ಸುಮಾರು ಮುಕ್ಕಾಲು ಗಂಟೆ ಹಿಡಿಯುತ್ತೆ. ಹುಡುಗಿ ಸಿಗೋದು ಮೂರನೇ ಸಲ.

ಈಗ ನಾವೇನು ಮಾಡಿದ್ವಿ ಅನ್ನೋದು. ವರದಿಗಳು ಜಾಸ್ತಿ ಸುಳ್ಳಾಗೋದು ಇಲ್ಲಿ, ಬೇಕಂತ ಅಲ್ಲ, ಕ್ರಿಯಾಪದದಿಂದ.

01:48ಕ್ಕೆ ಅವಳು "ಗಾಡಿ ಹೊಂಟದ" ಅಂದಳು. ಗಡಿಯಾರದ ಲೆಕ್ಕದಲ್ಲಿ ಅದು 20:15:53. ಕಂಪ್ಯೂಟರಿನ ಲಾಗ್ ತೆಗೆದು ನೋಡಿದರೆ ಮೊದಲ ಗಾಡಿಗೆ ಕೆಲಸ ಒಪ್ಪಿಸಿದ್ದು 20:16:09ಕ್ಕೆ. ಅಂದರೆ ಅವಳು ಹೇಳಿದಾಗ ಯಾವ ಗಾಡಿಯೂ ಹೊರಟಿರಲಿಲ್ಲ. ಇದನ್ನು ಮೋಸ ಅಂತ ನಾನು ಅನ್ನೋದಿಲ್ಲ, ಕಂಗಾಲಾದವನನ್ನು ಹಿಡಿದಿಡೋಕೆ ಎಲ್ಲರೂ ಹಾಗೆ ಹೇಳ್ತಾರೆ. ಆದರೆ ಸಮಾಧಾನದ ಮಾತು ವರದಿಯಲ್ಲಿ ಕೆಲಸದ ದಾಖಲೆ ಆಗಬಾರದು. ಅದೇ ರೀತಿ "ಹತ್ತು ನಿಮಿಷ" ಅನ್ನೋದು ಅಂದಾಜು. ಅದನ್ನು ತಂದು "ಹತ್ತು ನಿಮಿಷದಲ್ಲಿ ಕಳುಹಿಸಲಾಯಿತು" ಅಂತ ಮಾಡೋದು ಯಾವ ಲೆಕ್ಕ? ಕಳಿಸೋದಕ್ಕೂ ಮುಟ್ಟೋದಕ್ಕೂ ನಡುವೆ ಇಡೀ ರಸ್ತೆ ಇದೆ.

ನಾನು ಪಾಲಿಸೋ ನಿಯಮ ಒಂದೇ. ಹೇಳಿದ್ದಕ್ಕೆ ಆಧಾರ ರೆಕಾರ್ಡಿಂಗ್, ಮಾಡಿದ್ದಕ್ಕೆ ಆಧಾರ ಲಾಗ್. ಗಾಡಿಗೆ ಒಪ್ಪಿಸಿದ್ದು, ಅವರು ಒಪ್ಪಿಕೊಂಡದ್ದು, ಹೊರಟದ್ದು, ಮುಟ್ಟಿದ್ದು, ಇವು ನಾಲ್ಕು ಬೇರೆ ಬೇರೆ ಸಮಯ. ಲಾಗಿನಲ್ಲಿ ಯಾವುದು ಇದೆಯೋ ಅದನ್ನಷ್ಟೇ ಬರೀಬೇಕು. ಮಾದರಿ ಕರೆಯ ಲಾಗ್ ಹೀಗಿದೆ: 20:16:09ಕ್ಕೆ ಬೀದರ್ ಕಡೆಯ ಗಾಡಿಗೆ ಒಪ್ಪಿಸಿದ್ದು, 20:17:30ಕ್ಕೆ ಅದನ್ನು ರದ್ದು ಮಾಡಿದ್ದು, 20:17:41ಕ್ಕೆ ಕಲಬುರಗಿ ಕಡೆಯ ಗಾಡಿಗೆ ಒಪ್ಪಿಸಿದ್ದು, 20:18:10ಕ್ಕೆ ಪೊಲೀಸರಿಗೆ ತಿಳಿಸಿದ್ದು, 20:39:18ಕ್ಕೆ ಗಾಡಿ ಸ್ಥಳ ಮುಟ್ಟಿದ್ದು. ಕರೆ ಕೂಡಿದಾಗಿನಿಂದ ಸರಿಯಾದ ಗಾಡಿಗೆ ಕೆಲಸ ಹೋಗೋವರೆಗೆ 3 ನಿಮಿಷ 36 ಸೆಕೆಂಡು. ಮುಟ್ಟೋವರೆಗೆ 25 ನಿಮಿಷ 13 ಸೆಕೆಂಡು.

ಒಂದು ಎಚ್ಚರಿಕೆ. ರೆಕಾರ್ಡಿಂಗ್ ಮಾಡೋ ಯಂತ್ರದ ಗಡಿಯಾರ, ಲಾಗಿನ ಗಡಿಯಾರ ಎರಡೂ ಒಂದೇ ಸಮಯ ತೋರಿಸುತ್ತವೆ ಅಂತ ಸುಮ್ನೆ ನಂಬಬೇಡಿ. ಕೆಲವು ಕಡೆ ರೆಕಾರ್ಡಿಂಗ್ ರಿಂಗ್ ಆಗುವಾಗಲೇ ಶುರುವಾಗುತ್ತೆ, ಕೆಲವು ಕಡೆ ಫೋನ್ ಎತ್ತಿದ ಮೇಲೆ. ಹಾಗಾಗಿ ಎರಡರಲ್ಲೂ ಇರೋ ಒಂದು ಘಟನೆ ಹಿಡಿದು ಹೊಂದಿಸಬೇಕು. ಫೋನ್ ಎತ್ತಿದ ಕ್ಷಣ ಎರಡರಲ್ಲೂ ಸಿಗುತ್ತೆ, ನಾನು ಅದನ್ನೇ ಹಿಡೀತೀನಿ. ಇಪ್ಪತ್ತು ಸೆಕೆಂಡಿನ ವ್ಯತ್ಯಾಸ ಇದ್ದರೂ, "ಹೇಳಿದ್ದು ಮೊದಲೋ ಒಪ್ಪಿಸಿದ್ದು ಮೊದಲೋ" ಅನ್ನೋದು ತಿರುವುಮುರುವಾಗಿಬಿಡುತ್ತೆ. ಆಗ ಆ ಹೆಣ್ಣುಮಗಳ ಮೇಲೆ ಇಲ್ಲದ ತಪ್ಪು ಬರಬಹುದು, ಅಥವಾ ಇರೋ ತಪ್ಪು ಹೋಗಬಹುದು.

ಸಿಪಿಆರ್ ವಿಷಯಕ್ಕೆ ಬರೋಣ. 03:05ಕ್ಕೆ ಅವಳು ಹೇಳಿಕೊಟ್ಟಳು, ಎದೆಯ ನಡುವೆ ಎರಡೂ ಕೈ ಇಟ್ಟು, ಗಟ್ಟಿಯಾಗಿ, ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲದ ವೇಗದಲ್ಲಿ. ಅವನು ಹೆದರಿಕೆ ಅಂದ. ಆಮೇಲೆ 40 ಸೆಕೆಂಡು ಯಾರೋ ಎಣಿಸಿದರು. ಎಣಿಸಿದವರು ಒತ್ತಿದರಾ? ಯಾರನ್ನು ಒತ್ತಿದರು? ಎಣಿಕೆ ನಿಂತಾಗ ಒತ್ತೋದೂ ನಿಂತಿತಾ? ಕಿವಿಗೆ ಇದ್ಯಾವುದೂ ಗೊತ್ತಾಗೋದಿಲ್ಲ. "ಸಿಪಿಆರ್ ನೀಡಲಾಯಿತು" ಅಂತ ಬರೆದರೆ, ಗಾಡಿಯವರು ಮುಟ್ಟೋವರೆಗೂ ಯಾರೋ ಒತ್ತುತ್ತಲೇ ಇದ್ದರು ಅಂತ ಆಸ್ಪತ್ರೆಯವರು ತಿಳ್ಕೊಳ್ತಾರೆ. "ಎದೆ ಒತ್ತಲು ಸೂಚನೆ ಕೊಡಲಾಗಿದೆ. 03:40ರಿಂದ 04:20ರವರೆಗೆ ಎಣಿಸುವ ದನಿ ಕೇಳಿಸುತ್ತದೆ. ನಂತರ ಇಲ್ಲ." ಉದ್ದ ಆಯ್ತು, ಆಗಲಿ.

ಕರೆ ಮಾಡಿದವನ ಹೆಸರು ಈ ಕರೆಯಲ್ಲಿ ಬರೋದಿಲ್ಲ, ಬರದಿದ್ದರೆ ಅದನ್ನು ದೋಷ ಅಂತ ಬರೆಯೋ ಚಟ ಕೆಲವರಿಗಿದೆ. ಅಪಘಾತದಲ್ಲಿ ನೆರವಾದವರು ತಮ್ಮ ಹೆಸರು ಹೇಳಲೇಬೇಕು ಅಂತ ಒತ್ತಾಯ ಮಾಡುವಂತಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂದಾಗ ಅವರಿಗೆ ರಕ್ಷಣೆ ಕೊಡೋ 134ಎ ಕಲಂ ಸೇರಿತು. ಹಾಗಾಗಿ "ದಾರಿಹೋಕ, ಹೆಸರು ಹೇಳಿಲ್ಲ" ಅಂದರೆ ಸಾಕು. ನಂಬರ್ ಲಾಗಿನಲ್ಲಿ ಇರುತ್ತೆ, ನಾಲ್ಕು ಕಡೆ ಹೋಗೋ ವರದಿಯ ಮೈಮೇಲೆ ಅದು ಬೇಡ.

ಇಷ್ಟೆಲ್ಲ ಆದ ಮೇಲೆ ವರದಿ ಹೀಗೆ ಬರುತ್ತೆ.

ಸ್ಥಳ: ಕಲಬುರಗಿ–ಹುಮನಾಬಾದ್ ರಸ್ತೆ, ಮಹಾಗಾಂವ ಕ್ರಾಸ್ ಮತ್ತು ಅವರಾದ (ಬಿ) ನಡುವೆ, ಕಲಬುರಗಿ ಜಿಲ್ಲೆ. ನಿಖರ ಗುರುತು ಹೇಳಿಲ್ಲ. ಟವರ್ ಅಂದಾಜು: ಕಲಬುರಗಿ ಜಿಲ್ಲೆಯೊಳಗೆ. ಮೊದಲು ದಾಖಲಾದ ಸ್ಥಳ ಬೀದರ್ ಜಿಲ್ಲೆಯ ಔರಾದ್. ಕರೆಯ 02:19ರಲ್ಲಿ ಕರೆ ಮಾಡಿದವರು ತಿದ್ದಿದರು.

ಘಟನೆ: ರಸ್ತೆಯಲ್ಲಿ ನಿಂತಿದ್ದ, ಹಿಂದೆ ಲೈಟ್ ಇಲ್ಲದ ಕಬ್ಬಿನ ಟ್ರ್ಯಾಕ್ಟರಿಗೆ ಬೈಕ್ ಹಿಂದಿನಿಂದ ಡಿಕ್ಕಿ, ಕರೆ ಮಾಡಿದವರು ಹೇಳಿದಂತೆ. ಗಾಯಾಳುಗಳು ಕನಿಷ್ಠ ಮೂವರು. ಒಬ್ಬ ಮಾತಾಡುತ್ತಿದ್ದಾನೆ, ಕಾಲು ನೋವು. ಒಬ್ಬ ಮಾತಾಡುತ್ತಿಲ್ಲ, "ಗೊರಕಿ ಹೊಡಿಲಕತ್ತಾನ" ಎಂದರು. "ಖೂನ್ ಭಾಳ ಹೋಗ್ಲಕತ್ತದ" ಎಂದರು, ಯಾರಿಗೆ ಎಂದು ಹೇಳಿಲ್ಲ. 02:40ಕ್ಕೆ ಹಿನ್ನೆಲೆಯ ದನಿಯಂತೆ ಸಣ್ಣ ಹುಡುಗಿ ತೆಗ್ಗಿನಲ್ಲಿ ಬಿದ್ದಿದ್ದಾಳೆ. ಅವಳ ಸ್ಥಿತಿ ಕರೆಯಲ್ಲಿ ತಿಳಿದಿಲ್ಲ. 02:52ಕ್ಕೆ ಇನ್ನೊಂದು ದನಿ "ಅಂವ ಹೋದ ಬಿಡ್ರಿ", ಯಾರ ಬಗ್ಗೆ ಸ್ಪಷ್ಟವಿಲ್ಲ.

ಕ್ರಮ: ಬೀದರ್ ಕಡೆಯ ಗಾಡಿಗೆ 20:16:09ಕ್ಕೆ ಒಪ್ಪಿಸಿ 20:17:30ಕ್ಕೆ ರದ್ದು. ಕಲಬುರಗಿ ಕಡೆಯ ಗಾಡಿಗೆ 20:17:41. ಪೊಲೀಸರಿಗೆ 20:18:10. ಸ್ಥಳ ಮುಟ್ಟಿದ್ದು 20:39:18. ಎದೆ ಒತ್ತುವ ಸೂಚನೆ 03:05ರಲ್ಲಿ, 40 ಸೆಕೆಂಡು ಎಣಿಸುವ ದನಿ. ಹುಡುಗಿಯ ವಿಷಯವನ್ನು ಗಾಡಿಯವರಿಗೆ ತಿಳಿಸಿದ ದಾಖಲೆ ಲಾಗಿನಲ್ಲಿ ಇಲ್ಲ. ಕರೆ 05:52ಕ್ಕೆ ಕಟ್. ಮರಳಿ ಕರೆ ಮಾಡಿದ ದಾಖಲೆ ಇಲ್ಲ.

ಕೊನೆಯ ಆ ಎರಡು "ದಾಖಲೆ ಇಲ್ಲ" ನೋಡಿದ ಕೂಡಲೇ ಮೇಲಿನವರ ಮುಖ ಸಣ್ಣಗಾಗುತ್ತೆ. ಒಮ್ಮೆ ಒಂದು ಕಡೆ ನನಗೆ, "ಇದನ್ನ ತೆಗಿ, ನಮ್ಮದು ನಾವೇ ಬರಕೊಂಡಂಗ ಆಗ್ತದ" ಅಂತಲೂ ಹೇಳಿದ್ದರು. ತೆಗೆಯಲಿಲ್ಲ. "ತಿಳಿಸಿಲ್ಲ" ಅಂತ ನಾನು ಬರೆದಿಲ್ಲ ನೋಡಿ, "ದಾಖಲೆ ಇಲ್ಲ" ಅಂತಷ್ಟೇ ಬರೆದದ್ದು. ವೈರ್‌ಲೆಸ್ಸಿನಲ್ಲಿ ಬಾಯಿಮಾತಲ್ಲಿ ಹೇಳಿರಬಹುದು. ಹಾಗಿದ್ದರೆ ಆ ರೆಕಾರ್ಡಿಂಗ್ ತಂದು ಕೊಡಲಿ, ಸೇರಿಸ್ತೀನಿ.

ಬರೆದು ಮುಗಿಸಿದ ಮೇಲೆ ಕರೆ ಕೇಳದೇ ಇರೋ ಒಬ್ಬರಿಗೆ ವರದಿ ಓದೋಕೆ ಕೊಡ್ತೀನಿ. ಈ ಮಾದರಿಯನ್ನು ಮೊದಲ ಸಲ ಕೊಟ್ಟಾಗ ನಮ್ಮ ರಾತ್ರಿ ಪಾಳಿಯ ಹುಡುಗ ಓದಿ ಒಂದೇ ಪ್ರಶ್ನೆ ಕೇಳಿದ. "ಅಕ್ಕಾ, ತೆಗ್ಗು ರಸ್ತೆದ್ದು ಯಾವ ಕಡಿ?" ನಾನೇ ಕಟ್ಟಿದ ಕರೆ, ನನಗೇ ಬರೆಯೋಕೆ ಮರೆತಿತ್ತು. ತಿರುಗಿ ಹಾಕಿ ಕೇಳಿದ್ವಿ. 04:31ಕ್ಕೆ, ಗಲಾಟೆಯ ನಡುವೆ, ಅದೇ ದೂರದ ದನಿ, "ಕಲಬುರಗಿಗಿ ಹೋಗೂ ಮುಂದ ಎಡಕ್ಕ ರೀ, ಜಾಲಿ ಕಂಟಿ ಹತ್ರ." ಘಟನೆಯ ಭಾಗದಲ್ಲಿ ತೆಗ್ಗಿನ ಮುಂದೆ ಅಷ್ಟನ್ನೂ ಸೇರಿಸಿದೆ, ಜಾಲಿ ಕಂಟಿ ಸಮೇತ.